ವೇದಿಕೆಯ ಮೊದಲ ಸಂಬೋಧನೆ

ಬೆಂಗಳೂರಿನ ಉತ್ತರಭಾಗದ ಬಡಾವಣೆಯೊಂದರಲ್ಲಿ ನಡೆದ ರಾಜ್ಯೋತ್ಸವದ ಸಭೆಗೆ ನಾವು ಹೋಗಿದ್ದೆವು. ಅಧ್ಯಕ್ಷತೆ ನಿವೃತ್ತ ಉಪಾಧ್ಯಾಯಿನಿಯೊಬ್ಬರದು, ಉದ್ಘಾಟನೆ ಶಾಸಕರೊಬ್ಬರದು, ಮುಖ್ಯ ಅತಿಥಿಗಳು ಕೃಷಿಶಾಸ್ತ್ರದ ಪ್ರಾಧ್ಯಾಪಕರು. ನಿರೂಪಕರು ಶಾಸಕರಿಂದ ತೊಡಗಿ, ಪ್ರಾಧ್ಯಾಪಕರನ್ನು ಹೆಸರಿಸಿ, ಸಭಿಕರ ಬಳಿಗೆ ಬಂದುಬಿಟ್ಟರು. ಅಧ್ಯಕ್ಷಿಣಿಯವರ ನೆನಪಾದುದು ಆಮೇಲೆ. ಆಕೆ ನಕ್ಕರು, ಆದರೆ ನೋಟ ಕೈಯಲ್ಲಿದ್ದ ಹೂವಿನ ಮೇಲೆಯೇ ಇತ್ತು.

ನಿರೂಪಕರು ಅವಮಾನ ಮಾಡಬೇಕೆಂದು ಹಾಗೆ ಮಾಡಿದವರಲ್ಲ. ಲೋಕದಲ್ಲಿ ಯಾರು ದೊಡ್ಡವರು ಎಂದು ಅಳೆದರು. ಅಳೆಯಬೇಕಾದುದು ಆ ದಿನದ ಸಭೆಯಲ್ಲಿ ಯಾರ ಹೊಣೆ ಯಾವುದು ಎಂಬುದನ್ನು. ಸಭೆ ನಡೆಯುವಷ್ಟು ಹೊತ್ತು ಅದರ ಒಡೆತನ ಅಧ್ಯಕ್ಷಪೀಠದ್ದು. ಉಳಿದವರು ಆ ಪೀಠದ ಅಪ್ಪಣೆಯಿಂದ ಮಾತನಾಡುವವರು. ಹಿಂದಿನ ಸಭೆಗಳಲ್ಲಿ ಒಬ್ಬರು ಅಧ್ಯಕ್ಷರ ಹೆಸರನ್ನು ಸೂಚಿಸಿ, ಇನ್ನೊಬ್ಬರು ಅನುಮೋದಿಸಿದ ಮೇಲೆಯೇ ಅವರು ಪೀಠವೇರುತ್ತಿದ್ದರು. ಈಗ ಆಹ್ವಾನಪತ್ರಿಕೆಯೇ ಆ ಕೆಲಸವನ್ನು ಮಾಡುತ್ತದೆ. ಆದಕಾರಣ ನಿರೂಪಕರು ಕೈಯಲ್ಲಿ ಹಿಡಿಯಬೇಕಾದುದು ಪದವಿಗಳ ಪಟ್ಟಿಯನ್ನಲ್ಲ, ಆಹ್ವಾನಪತ್ರಿಕೆಯನ್ನು.

ಕ್ರಮ ಇಷ್ಟೆ: ಮಠಾಧಿಪತಿಗಳು ಸಾನ್ನಿಧ್ಯ ವಹಿಸಿದ್ದರೆ ಮೊದಲು ಅವರು, ಅನಂತರ ಅಧ್ಯಕ್ಷರು, ಉದ್ಘಾಟಕರು, ಮುಖ್ಯ ಅತಿಥಿಗಳು, ವೇದಿಕೆಯ ಇತರರು, ಕಡೆಗೆ ಸಭಿಕರು. ಅಂದಿನ ಸಭೆಯಲ್ಲಿ ಹೀಗೆ ಹೇಳಿದ್ದರೆ ಸಾಕಿತ್ತು: ‘ಮಾನ್ಯ ಅಧ್ಯಕ್ಷರೇ, ಉದ್ಘಾಟಕರಾದ ಮಾನ್ಯ ಶಾಸಕರೇ, ಮುಖ್ಯ ಅತಿಥಿಗಳೇ, ಸಭಿಕ ಬಂಧುಗಳೇ, ಎಲ್ಲರಿಗೂ ನಮಸ್ಕಾರ.’ ಇಲ್ಲಿ ಸ್ವಾಗತವೆಂಬ ಮಾತಿಲ್ಲ. ಸ್ವಾಗತಕ್ಕೆ ಬೇರೊಬ್ಬರು ಗೊತ್ತಾಗಿದ್ದಾರೆ. ನಿರೂಪಕರೇ ಎಲ್ಲರನ್ನೂ ಸ್ವಾಗತಿಸಿಬಿಟ್ಟರೆ ಆ ಬಡಪಾಯಿಗೆ ಉಳಿಯುವುದೇನು?

ಸರ್ಕಾರಿ ಸಮಾರಂಭದ ಮಾತು ಬೇರೆ. ಅಲ್ಲಿ ಶಿಷ್ಟಾಚಾರದ ಅಧಿಕಾರಿಗಳು ಗೊತ್ತುಮಾಡಿದ ಕ್ರಮವೇ ಕ್ರಮ. ಭಾರತ ಸರ್ಕಾರದ ಅಗ್ರತಾಕ್ರಮದ ಪಟ್ಟಿಯಲ್ಲಿ, ತಮ್ಮ ರಾಜ್ಯದೊಳಗೆ ರಾಜ್ಯಪಾಲರು 4ನೆಯ, ಮುಖ್ಯಮಂತ್ರಿಗಳು 7ನೆಯ ಸ್ಥಾನದಲ್ಲಿದ್ದಾರೆ. ಸಂಸತ್ ಸದಸ್ಯರದು 21ನೆಯದು. ಆದರೆ ಆ ಪಟ್ಟಿ ಹುಟ್ಟಿದ್ದು ರಾಷ್ಟ್ರೀಯ ಹಾಗೂ ವಿಧ್ಯುಕ್ತ ಸಮಾರಂಭಗಳಿಗಾಗಿ. ಅದನ್ನು ಯಶವಂತಪುರದ ಶಾಲೆಯೊಂದರ ವಾರ್ಷಿಕೋತ್ಸವಕ್ಕೆ ಎಳೆದು ತರುವುದು ತಲೆಗೆ ಹೊಂದದ ಪೇಟವನ್ನು ಸುತ್ತಿದಂತೆ.

ಭಾಷೆಯ ತಪ್ಪುಗಳೂ ಉಂಟು. ‘ಅಧ್ಯಕ್ಷರಾಗಿರತಕ್ಕಂತಹ’, ‘ಆಗಮಿಸಿರುವಂತಹ’ ಎಂಬ ಬಾಲಗಳು ಗೌರವವನ್ನು ಹೆಚ್ಚಿಸುವುದಿಲ್ಲ, ಹೊತ್ತನ್ನು ಹೆಚ್ಚಿಸುತ್ತವೆ. ‘ಅವರು’ ಎಂಬುದೇ ಗೌರವದ ಬಹುವಚನವಾಗಿರುವಾಗ ಒಬ್ಬರನ್ನೇ ಕುರಿತು ‘ಅವರುಗಳು’ ಎನ್ನುವುದು ಸಲ್ಲದು. ‘ಸಾನಿಧ್ಯ’ವಲ್ಲ, ‘ಸಾನ್ನಿಧ್ಯ’.

ಇನ್ನೊಂದು ಎಡವಟ್ಟು: ಖಾಲಿ ಕುರ್ಚಿಗೆ ನಮಸ್ಕಾರ. ಉದ್ಘಾಟಕರು ಹೆಬ್ಬಾಳದ ವಾಹನಸಂದಣಿಯಲ್ಲಿ ಸಿಕ್ಕಿಕೊಂಡಿರುವಾಗಲೂ, ಬರೆದುಕೊಂಡ ಚೀಟಿಯಂತೆ ‘ಉದ್ಘಾಟಕರೇ’ ಎನ್ನುವವರನ್ನು ನಾವು ಕೇಳಿದ್ದೇವೆ. ಅವರ ಹೆಸರನ್ನು ಆಗ ಬಿಟ್ಟುಬಿಡಬೇಕು. ಬಂದಮೇಲೆ, ನಡೆಯುತ್ತಿರುವ ಭಾಷಣವನ್ನು ತಡೆಯದೆ, ಅದು ಮುಗಿದಾಗ ಅಧ್ಯಕ್ಷರ ಅನುಮತಿ ಪಡೆದು ಒಂದೇ ವಾಕ್ಯದಲ್ಲಿ ಅವರನ್ನು ಬರಮಾಡಿಕೊಳ್ಳಬೇಕು.