ಹೊಸದುರ್ಗದ ಗಡಿಯಾರ ಮೂರು ನಿಮಿಷ ಮುಂದಿತ್ತು: ಸರ್ವರ್‌ಗಳ ನಡುವೆ 'ಮೊದಲು ಯಾವುದು' ಅಂತ ತೀರ್ಮಾನ ಆಗೋದು ಹೇಗೆ?

ಇವತ್ತಿನ ಸಂಚಿಕೆ ಒಂದು ಉದ್ರಿ ಲೆಕ್ಕದಿಂದ ಶುರುವಾಗುತ್ತೆ.

ಕೆಲವು ವರ್ಷಗಳ ಹಿಂದೆ ನಾನು ಚಿತ್ರದುರ್ಗದ ಒಬ್ಬ ಗೊಬ್ಬರ–ಬೀಜದ ವ್ಯಾಪಾರಿಗೆ ಒಂದು ಸಾಫ್ಟ್‌ವೇರ್ ಬರೆದುಕೊಟ್ಟಿದ್ದೆ. ಮುಖ್ಯ ಅಂಗಡಿ ಚಿತ್ರದುರ್ಗದಲ್ಲಿ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯಲ್ಲಿ ಒಂದೊಂದು ಶಾಖೆ. ಕರೆಂಟು ಹೋಗುತ್ತೆ, ನೆಟ್ ಹೋಗುತ್ತೆ. ಹಾಗಂತ ಗಿರಾಕಿಯನ್ನು ನಿಲ್ಲಿಸೋಕೆ ಆಗಲ್ಲವಲ್ಲ. ಅದಕ್ಕೆ ನಾಲ್ಕೂ ಕಡೆ ಒಂದೊಂದು ಸಣ್ಣ ಸರ್ವರ್ ಇಟ್ಟೆ. ಪ್ರತಿಯೊಂದೂ ತನ್ನ ಲೆಕ್ಕ ತಾನೇ ಬರೆದುಕೊಳ್ಳುತ್ತೆ, ನೆಟ್ ಬಂದಾಗ ಉಳಿದ ಮೂರರ ಜೊತೆ ತಾಳೆ ನೋಡಿಕೊಳ್ಳುತ್ತೆ. ಒಂದೇ ಖಾತೆಗೆ ಎರಡು ಬೇರೆ ಬೇರೆ ಮೊತ್ತ ಕಂಡರೆ, ಯಾವುದರ ಸಮಯ ಆಮೇಲಿನದೋ ಅದೇ ಉಳಿಯಬೇಕು. ಇದು ನಾನು ಹಾಕಿದ ನಿಯಮ. ಕೇಳೋಕೆ ಸರಿಯಾಗೇ ಇತ್ತು.

ಒಂದು ದಿನ ಹೊಸದುರ್ಗದ ಅಂಗಡಿಯಲ್ಲಿ ಒಬ್ಬ ರೈತರ ಬಾಕಿ 2,400 ರೂಪಾಯಿ ಅಂತ ಬರೆಯೋ ಬದಲು ಹುಡುಗ 4,200 ಅಂತ ಒತ್ತಿಬಿಟ್ಟ. ಚೀಟಿ ನೋಡಿ ರೈತರೇ ಹೇಳಿದರು. ಒಮ್ಮೆ ಬರೆದ ಮೊತ್ತ ತಿದ್ದುವ ಅಧಿಕಾರ ಶಾಖೆಗೆ ಇರಲಿಲ್ಲ. ಹುಡುಗ ಚಿತ್ರದುರ್ಗಕ್ಕೆ ಫೋನ್ ಮಾಡಿದ, ಅಲ್ಲಿನ ಗುಮಾಸ್ತರು ಪರದೆ ಮೇಲೆ ಆ ಎಂಟ್ರಿ ನೋಡಿ 2,400 ಅಂತ ತಿದ್ದಿದರು. "ಸರಿ ಮಾಡಿದೀವಿ ಯಜಮಾನ್ರೇ, ಹೋಗ್ಬನ್ನಿ" ಅಂತ ಹುಡುಗ ಕಳಿಸಿಕೊಟ್ಟ.

ಫಸಲು ಮಾರಿ ದುಡ್ಡು ಕಟ್ಟೋಕೆ ಬಂದಾಗ ನಾಲ್ಕೂ ಅಂಗಡಿಯ ಪರದೆಯಲ್ಲಿ 4,200 ಅಂತಲೇ ಇತ್ತು. "ನೀವು ತಿದ್ದಿದೀವಿ ಅಂದ್ರಲ್ಲ ಸ್ವಾಮಿ, ನಾನೇನು ಸುಳ್ಳು ಹೇಳ್ತೀನಾ?" ಅಂದರು. ಸುಳ್ಳು ಹೇಳಿದ್ದು ಅವರಲ್ಲ, ನನ್ನ ಸಾಫ್ಟ್‌ವೇರು.

ಬರೆಯೋ ಮೊದಲೇ ತಲುಪಿದ ಎಂಟ್ರಿ

ಎರಡೂ ಸರ್ವರ್‌ಗಳ ಲಾಗ್ ಪಕ್ಕಪಕ್ಕ ಇಟ್ಟು ನೋಡಿದೆ. ಹೊಸದುರ್ಗದಲ್ಲಿ ತಪ್ಪು ಎಂಟ್ರಿ ಬರೆದ ಸಮಯ 11:03:00. ಅದೇ ಎಂಟ್ರಿ ಚಿತ್ರದುರ್ಗಕ್ಕೆ ತಲುಪಿದ ಸಮಯ 11:00:05. ಅಂದ್ರೆ ಬರೆಯೋದಕ್ಕೆ ಮೂರು ನಿಮಿಷ ಮುಂಚೆಯೇ ತಲುಪಿದೆ! ಇಂಥ ಸಾಲು ಲಾಗ್‌ನಲ್ಲಿ ಕಂಡರೆ ಗಡಿಯಾರದ ಮೇಲೆ ಅನುಮಾನ ಪಡಬೇಕು.

ಹೊಸದುರ್ಗದ ಕಂಪ್ಯೂಟರ್ ಗಡಿಯಾರ ಮೂರು ನಿಮಿಷ ಮುಂದೆ ಓಡುತ್ತಿತ್ತು. ಚಿತ್ರದುರ್ಗದವರು ತಿದ್ದಿದ್ದು 11:01:30ಕ್ಕೆ. ನನ್ನ ನಿಯಮದ ಪ್ರಕಾರ 11:03:00 ಆಮೇಲಿನದು. ಹೀಗಾಗಿ ಮುಂದಿನ ಸಲ ತಾಳೆ ನೋಡಿದಾಗ ತಿದ್ದುಪಡಿ ಹೋಯಿತು, ತಪ್ಪು ಉಳಿಯಿತು. ಯಾವ ಎಚ್ಚರಿಕೆಯೂ ಬರಲಿಲ್ಲ, ಯಾಕಂದ್ರೆ ಯಂತ್ರದ ಲೆಕ್ಕದಲ್ಲಿ ಎಲ್ಲಾ ಸರಿಯಾಗೇ ನಡೆದಿತ್ತು.

"ಗಡಿಯಾರ ಸರಿ ಮಾಡಿದ್ರೆ ಆಯ್ತಲ್ಲ" ಅಂತ ನೀವು ಕೇಳಬಹುದು. ಮಾಡಬೇಕು, ಮಾಡಿದೆ ಕೂಡ. ಎನ್‌ಟಿಪಿ ಅಂತ ಒಂದು ವ್ಯವಸ್ಥೆ ಇದೆ, ಇಂಟರ್‌ನೆಟ್ ಮೂಲಕ ಗಡಿಯಾರವನ್ನು ಹೊಂದಿಸುತ್ತೆ. ಆದ್ರೆ ಅದು ಹತ್ತಿರಕ್ಕೆ ತರುತ್ತೆ ಅಷ್ಟೇ, ಎರಡು ಕಂಪ್ಯೂಟರನ್ನು ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲದಂತೆ ಮಾಡಲ್ಲ. ನೆಟ್ಟೇ ಇಲ್ಲದಾಗ ಅದೂ ಇಲ್ಲ. ಗೂಗಲ್ ತನ್ನ ಸ್ಪ್ಯಾನರ್ ಡೇಟಾಬೇಸಿಗೆ ಜಿಪಿಎಸ್ ಮತ್ತು ಪರಮಾಣು ಗಡಿಯಾರ ಇಟ್ಟುಕೊಂಡಿದೆ. ಗೊಬ್ಬರದ ಅಂಗಡಿಗೆ ಅದು ಆಗೋ ಮಾತಲ್ಲ.

ಟಪಾಲು ಶಾಖೆಯ ಗುಮಾಸ್ತರು

1978ರಲ್ಲಿ ಲೆಸ್ಲಿ ಲ್ಯಾಂಪೋರ್ಟ್ ಅನ್ನೋ ವಿಜ್ಞಾನಿ ಗಡಿಯಾರವನ್ನೇ ಬಿಟ್ಟು ಯೋಚನೆ ಮಾಡಿದರು. ಪ್ರತಿ ಕಂಪ್ಯೂಟರಲ್ಲಿ ಒಂದು ಎಣಿಕೆ ಇರಲಿ. ಏನಾದರೂ ನಡೆದರೆ ಒಂದು ಕೂಡಿಸಿ. ಬೇರೆಯವರಿಂದ ಸಂದೇಶ ಬಂದರೆ ಅವರ ಸಂಖ್ಯೆ, ನಮ್ಮ ಸಂಖ್ಯೆ ಎರಡರಲ್ಲಿ ದೊಡ್ಡದು ತಗೊಂಡು ಅದಕ್ಕೆ ಒಂದು ಕೂಡಿಸಿ. ಕಾರಣ ಮೊದಲು, ಪರಿಣಾಮ ಆಮೇಲೆ ಅನ್ನೋ ಕ್ರಮ ಯಾವತ್ತೂ ಕೆಡಲ್ಲ. ಆದ್ರೆ ಆ ಸಂಖ್ಯೆಗೂ ದಿನಚರಿಗೂ ಸಂಬಂಧ ಇಲ್ಲ. "ನಿನ್ನೆ ಸಂಜೆ ಆರು ಗಂಟೆಗೆ ಬಾಕಿ ಎಷ್ಟಿತ್ತು?" ಅಂತ ಕೇಳಿದರೆ 4,217 ಅನ್ನೋ ಎಣಿಕೆ ಏನೂ ಹೇಳಲ್ಲ.

2014ರಲ್ಲಿ ಸಂದೀಪ್ ಕುಲಕರ್ಣಿ, ಮುರಾತ್ ದೆಮಿರ್ಬಾಶ್ ಮತ್ತು ಅವರ ಜೊತೆಗಾರರು ಇವೆರಡನ್ನೂ ಸೇರಿಸಿದರು. ಅದೇ ಹೈಬ್ರಿಡ್ ಲಾಜಿಕಲ್ ಕ್ಲಾಕ್, ಚಿಕ್ಕದಾಗಿ ಎಚ್‌ಎಲ್‌ಸಿ.

ತಾಲ್ಲೂಕು ಕಚೇರಿಯ ಆವಕ–ಜಾವಕ ಪುಸ್ತಕ ನೆನಪಿಸಿಕೊಳ್ಳಿ. ಪ್ರತಿ ಪತ್ರಕ್ಕೂ ಒಂದು ದಿನಾಂಕ, ಒಂದು ಕ್ರಮಸಂಖ್ಯೆ. ಗುಮಾಸ್ತರ ಕ್ಯಾಲೆಂಡರಲ್ಲಿ ಇವತ್ತು 12ನೇ ತಾರೀಖು. ಹೊಸದುರ್ಗದಿಂದ ಬಂದ ಪತ್ರದ ಮೇಲೆ 13 ಅಂತಿದೆ. ಯಾರ ಕ್ಯಾಲೆಂಡರ್ ಸರಿ ಅಂತ ಅವರು ಜಗಳಕ್ಕೆ ಹೋಗಲ್ಲ. "ಈ ಪತ್ರಕ್ಕೆ ನಾನು ಕೊಡೋ ಉತ್ತರ ಇದಕ್ಕಿಂತ ಹಿಂದಿನದು ಆಗೋಕೆ ಸಾಧ್ಯವೇ ಇಲ್ಲ" ಅಂದುಕೊಂಡು ಉತ್ತರಕ್ಕೂ 13ನೇ ತಾರೀಖೇ ಹಾಕಿ, ಮುಂದಿನ ಕ್ರಮಸಂಖ್ಯೆ ಕೊಡ್ತಾರೆ. ತಮ್ಮ ಕ್ಯಾಲೆಂಡರ್ 14 ತೋರಿಸಿದ ದಿನ ಮತ್ತೆ ತಮ್ಮ ತಾರೀಖಿಗೆ ಮರಳಿ, ಕ್ರಮಸಂಖ್ಯೆಯನ್ನು ಸೊನ್ನೆಯಿಂದ ಶುರು ಮಾಡ್ತಾರೆ.

ಎಚ್‌ಎಲ್‌ಸಿ ಅಂದ್ರೆ ಇಷ್ಟೇ. `l` ಅನ್ನೋದು ಇದುವರೆಗೆ ಕಂಡ ಅತಿ ದೊಡ್ಡ ಸಮಯ, `c` ಅನ್ನೋದು ಕ್ರಮಸಂಖ್ಯೆ, `pt` ನಮ್ಮದೇ ಗಡಿಯಾರ. ಸಂದೇಶ `m` ಬಂದಾಗ ನಡೆಯೋ ಲೆಕ್ಕ ಇದು:

```
l_new = max(l, m.l, pt)
if l_new == l == m.l: c = max(c, m.c) + 1
elif l_new == l:      c = c + 1
elif l_new == m.l:    c = m.c + 1
else:                 c = 0
l = l_new
```

ನಾವೇ ಹೊಸದಾಗಿ ಬರೆಯುವಾಗಲೂ ಇದೇ ಲೆಕ್ಕ, `m` ಇರಲ್ಲ ಅಷ್ಟೇ. ಹೋಲಿಸುವಾಗ ಮೊದಲು `l` ನೋಡಿ, ಅದು ಸಮ ಇದ್ದರೆ `c` ನೋಡಿ. ಅದೂ ಸಮ ಆದರೆ ಸರ್ವರ್‌ನ ಸಂಖ್ಯೆ ನೋಡಿ ಒಂದನ್ನು ಆರಿಸಿ.

ಅದೇ ದಿನ, ಹೊಸ ಲೆಕ್ಕ

ಈಗ ಆ ರೈತರ ಲೆಕ್ಕವನ್ನು ಇದರಲ್ಲಿ ಇಟ್ಟು ನೋಡೋಣ. ಗಡಿಯಾರ ತಪ್ಪಾಗಿಯೇ ಇರಲಿ.

ಹೊಸದುರ್ಗದಲ್ಲಿ 4,200 ಬರೆದಾಗ ಅದಕ್ಕೆ ಸಿಕ್ಕ ಗುರುತು (11:03:00, 0). ಎಂಟ್ರಿ ಈ ಗುರುತು ಹೊತ್ತುಕೊಂಡೇ ಚಿತ್ರದುರ್ಗಕ್ಕೆ ಹೋಗುತ್ತೆ. ಅಲ್ಲಿನ ಗಡಿಯಾರ 11:00:05. ದೊಡ್ಡದು 11:03:00, ಅದು ಸಂದೇಶದ್ದು. ಹಾಗಾಗಿ ಚಿತ್ರದುರ್ಗದ ಸ್ಥಿತಿ (11:03:00, 1) ಆಯ್ತು. ಒಂದೂವರೆ ನಿಮಿಷ ಕಳೆದು, ತನ್ನ ಗಡಿಯಾರದಲ್ಲಿ 11:01:30ಕ್ಕೆ ಗುಮಾಸ್ತರು ತಿದ್ದುತ್ತಾರೆ. ದೊಡ್ಡದು ಇನ್ನೂ 11:03:00 ತಾನೇ? ತಿದ್ದುಪಡಿಗೆ ಸಿಕ್ಕ ಗುರುತು (11:03:00, 2).

ತಾಳೆ ನೋಡಿದಾಗ (11:03:00, 2) ದೊಡ್ಡದು. 2,400 ಉಳಿಯುತ್ತೆ. ಹೊಸದುರ್ಗದ ಗಡಿಯಾರ ತಪ್ಪು ಅಂತ ಯಾರಿಗೂ ಗೊತ್ತಾಗಬೇಕಿರಲಿಲ್ಲ. ಚಿತ್ರದುರ್ಗದ ಗಡಿಯಾರ 11:03:00 ದಾಟಿದ ಮೇಲೆ ಬರೆದ ಎಂಟ್ರಿಗೆ ಮತ್ತೆ ಅದರದ್ದೇ ಸಮಯ, `c` ಸೊನ್ನೆ. ಗುರುತು ನಿಜವಾದ ಸಮಯದಿಂದ ಅತಿ ಹೆಚ್ಚು ಅಂದ್ರೆ ಗಡಿಯಾರಗಳು ಎಷ್ಟು ಕೆಟ್ಟಿವೆಯೋ ಅಷ್ಟೇ ದೂರ ಹೋಗುತ್ತೆ. ಹಾಗಾಗಿ "ನಿನ್ನೆ ಸಂಜೆ ಆರಕ್ಕೆ ಎಷ್ಟಿತ್ತು" ಅನ್ನೋ ಪ್ರಶ್ನೆಗೂ ಉತ್ತರ ಸಿಗುತ್ತೆ.

ಎಲ್ಲಿ ಕೈಕೊಡುತ್ತೆ

ಇದನ್ನು ಹಾಕಿದ ಮೇಲೆ ನನಗೆ ಮೂರು ವಿಷಯ ಕಲಿಯಬೇಕಾಯ್ತು.

ಮೊದಲನೆಯದು ಫೋನು. ತಿದ್ದುವ ಹೊತ್ತಿಗೆ ಹೊಸದುರ್ಗದ ಎಂಟ್ರಿ ಚಿತ್ರದುರ್ಗಕ್ಕೆ ತಲುಪಿತ್ತು, ಅದಕ್ಕೇ ಮೇಲಿನ ಲೆಕ್ಕ ಸರಿಹೋಯಿತು. ನೆಟ್ ಇಲ್ಲದ ದಿನ ಹುಡುಗ ಫೋನ್‌ನಲ್ಲಿ ಹೇಳಿದ್ದನ್ನು ಕೇಳಿ ಹಿರಿಯೂರಲ್ಲಿ ಯಾರೋ ತಿದ್ದಿದರು ಅಂದುಕೊಳ್ಳಿ. ಮನುಷ್ಯರಿಗೆ ಗೊತ್ತು ಯಾವುದು ಮೊದಲು, ಯಾವುದು ಆಮೇಲೆ ಅಂತ. ಹಿರಿಯೂರಿನ ಸರ್ವರಿಗೆ ಗೊತ್ತಿಲ್ಲ, ಯಾಕಂದ್ರೆ ಫೋನ್ ಮಾತಿಗೆ ಗುರುತು ಅಂಟಿಸೋರು ಯಾರು? ಹಳೇ ತಪ್ಪೇ ಮರುಕಳಿಸುತ್ತೆ. ನಾನು ಕಂಡುಕೊಂಡ ದಾರಿ ಸರಳ: ಕಣ್ಣಿಗೆ ಕಾಣದ ಎಂಟ್ರಿಯನ್ನು ತಿದ್ದುವ ಹಾಗಿಲ್ಲ. ಮೂಲ ಎಂಟ್ರಿ ಪರದೆಗೆ ಬರೋವರೆಗೂ ತಿದ್ದುವ ಬಟನ್ನೇ ಇಲ್ಲ.

ಎರಡನೆಯದು, ಒಬ್ಬರಿಗೊಬ್ಬರು ಗೊತ್ತಿಲ್ಲದೆ ಹೊಳಲ್ಕೆರೆ ಮತ್ತು ಹಿರಿಯೂರು ಎರಡೂ ಒಂದೇ ಖಾತೆ ಬದಲಾಯಿಸಿದರೆ? ಎಚ್‌ಎಲ್‌ಸಿ ಒಂದು ಕ್ರಮ ಕೊಡುತ್ತೆ, ಆದ್ರೆ ಅದು ನ್ಯಾಯತೀರ್ಮಾನ ಅಲ್ಲ. ಕಾರಣ ಇದ್ದರೆ ಗುರುತು ಚಿಕ್ಕದಿರುತ್ತೆ ಅನ್ನೋದು ಖಚಿತ, ಗುರುತು ಚಿಕ್ಕದಿದ್ದ ಮಾತ್ರಕ್ಕೆ ಅದೇ ಕಾರಣ ಅಂತ ಹೇಳೋಕೆ ಆಗಲ್ಲ. ಅದಕ್ಕೆ ಬಾಕಿ ಮೊತ್ತವನ್ನು ಅಳಿಸಿ ಬರೆಯೋದನ್ನೇ ನಿಲ್ಲಿಸಿದೆ. ಈಗ "ಇಷ್ಟು ಕೊಟ್ಟರು, ಇಷ್ಟು ತಗೊಂಡರು" ಅಂತ ಪ್ರತಿ ವ್ಯವಹಾರವೂ ಬೇರೆ ಸಾಲು. ಎರಡೂ ಊರಿನ ಸಾಲು ಉಳಿಯುತ್ತೆ, ಎಚ್‌ಎಲ್‌ಸಿ ಅವನ್ನು ಸಾಲಾಗಿ ನಿಲ್ಲಿಸುತ್ತೆ.

ಮೂರನೆಯದು ತೀರಾ ಕೆಟ್ಟ ಗಡಿಯಾರ. ಮದರ್‌ಬೋರ್ಡಿನ ಸೆಲ್ ಸತ್ತು, ಯಾರೋ ಕೈಯಾರೆ ತಾರೀಖು ಹಾಕುವಾಗ ಒಂದು ವರ್ಷ ಮುಂದಿನದು ಹಾಕಿಬಿಟ್ಟರು ಅಂತಿಟ್ಟುಕೊಳ್ಳಿ. ಅದರಿಂದ ಒಂದು ಸಂದೇಶ ಬಂದರೆ ಸಾಕು, ನಾಲ್ಕೂ ಸರ್ವರ್‌ಗಳ `l` ಒಂದು ವರ್ಷ ಮುಂದಕ್ಕೆ ಹಾರುತ್ತೆ. ಹಿಂದಕ್ಕೆ ಬರೋ ದಾರಿ ಈ ವ್ಯವಸ್ಥೆಯಲ್ಲಿ ಇಲ್ಲ. `c` ಏರುತ್ತಲೇ ಹೋಗುತ್ತೆ, 16 ಬಿಟ್ ಜಾಗ ಇಟ್ಟಿದ್ದರೆ 65,535ಕ್ಕೆ ತುಂಬಿಹೋಗುತ್ತೆ. ಅದಕ್ಕೇ ಒಂದು ಗಡಿ ಬೇಕು: ಬಂದ ಗುರುತು ನಮ್ಮ ಗಡಿಯಾರಕ್ಕಿಂತ ಇಷ್ಟಕ್ಕೂ ಮುಂದಿದ್ದರೆ ಒಪ್ಪಬಾರದು. ಎಚ್‌ಎಲ್‌ಸಿ ಬಳಸುವ ಕಾಕ್ರೋಚ್‌ಡಿಬಿ ಡೇಟಾಬೇಸ್ ಡೀಫಾಲ್ಟ್ ಆಗಿ ಇಟ್ಟುಕೊಂಡ ಗಡಿ 500 ಮಿಲಿಸೆಕೆಂಡ್, ಅಂದ್ರೆ ಅರ್ಧ ಸೆಕೆಂಡು. ತನ್ನ ಗಡಿಯಾರ ಉಳಿದ ಅರ್ಧದಷ್ಟಾದರೂ ಸರ್ವರ್‌ಗಳಿಂದ ಆ ಗಡಿಯ ಶೇ 80ರಷ್ಟು ದೂರ ಹೋದರೆ ಆ ಸರ್ವರ್ ತಾನಾಗಿಯೇ ನಿಂತುಬಿಡುತ್ತೆ. ನಮ್ಮ ಅಂಗಡಿಗಳಿಗೆ ಅಷ್ಟು ಬಿಗಿ ಆಗಲ್ಲ ಅಂತ ನಾನು ಐದು ನಿಮಿಷ ಇಟ್ಟೆ. ಅದನ್ನು ಮೀರಿದ ಎಂಟ್ರಿಯನ್ನು ಬಿಸಾಡಲ್ಲ, ಪಕ್ಕಕ್ಕಿಟ್ಟು ಗುಮಾಸ್ತರಿಗೆ ತೋರಿಸುತ್ತೆ.

ಗಡಿಯಾರ ಹಿಂದಕ್ಕೆ ಹೋದರೆ? ಕೊನೆಯ `l`, `c` ಎರಡನ್ನೂ ಡಿಸ್ಕಿನಲ್ಲಿ ಬರೆದಿಟ್ಟಿರಬೇಕು. ಕರೆಂಟು ಬಂದು ಕಂಪ್ಯೂಟರ್ ಮತ್ತೆ ಶುರುವಾದಾಗ ಅಲ್ಲಿಂದಲೇ ಮುಂದುವರಿಯಬೇಕು, ಇಲ್ಲದಿದ್ದರೆ ಹಳೇ ಗುರುತುಗಳೇ ಮತ್ತೆ ಹುಟ್ಟುತ್ತವೆ.

ದಿನಾ ಬೆಳಿಗ್ಗೆ ನಾನು ನೋಡೋದು ಎರಡೇ. ಪ್ರತಿ ಸರ್ವರಲ್ಲಿ `l` ಮತ್ತು `pt` ನಡುವೆ ಅಂತರ ಎಷ್ಟಿದೆ, `chronyc tracking` ಅಂತ ಕೊಟ್ಟರೆ ಎನ್‌ಟಿಪಿ ಪ್ರಕಾರ ಗಡಿಯಾರ ಎಷ್ಟು ಆಚೀಚೆ ಇದೆ. ಅಂತರ ಬೆಳೀತಾ ಇದ್ದರೆ ಯಾವುದೋ ಊರಿನ ಗಡಿಯಾರ ಓಡ್ತಿದೆ ಅಂತ ಅರ್ಥ.

ಅಂದಹಾಗೆ, ಆ ರೈತರ 1,800 ರೂಪಾಯಿ ಮಾಲೀಕರು ಅವತ್ತೇ ಲೆಕ್ಕದಿಂದ ತೆಗೆಸಿದರು. ರೈತರು ಆಮೇಲೂ ಅದೇ ಅಂಗಡಿಗೆ ಬರ್ತಾರೆ. ಆದ್ರೆ ಪ್ರತಿ ಸಲ ಚೀಟಿ ಕೇಳಿ ತಗೊಂಡು, ಮಡಿಚಿ ಜೇಬಿಗಿಟ್ಟುಕೊಂಡೇ ಹೋಗ್ತಾರೆ.