ಪೆಟ್ಟಿಗೆಯ ಅಂಚಿನಲ್ಲೊಂದು ಗೆರೆ

ಕಂಪ್ಯೂಟರ್ ಆಟವೊಂದಕ್ಕೆ ಕಬ್ಬಿಣದ ಟ್ರಂಕು ಬೇಕಾಗಿದೆ ಎನ್ನೋಣ. ಕಲಾವಿದೆ ಅದನ್ನು ಬ್ಲೆಂಡರ್‌ನಲ್ಲಿ ರೂಪಿಸುತ್ತಾಳೆ. ಅಂಚುಗಳೆಲ್ಲ ನುಣ್ಣಗೆ, ಬೆಳಕು ಬಿದ್ದರೆ ನಿಜವಾದ ತಗಡಿನ ಹೊಳಪು. ಅದೇ ಟ್ರಂಕನ್ನು ಅನ್‌ರಿಯಲ್ ಎಂಜಿನ್‌ಗೆ ತಂದರೆ ಮುಖ ಮುಖ ಸೇರುವಲ್ಲಿ ಒಂದು ಗೆರೆ ಎದ್ದು ಕಾಣುತ್ತದೆ. ಒಂದು ಮಗ್ಗುಲು ಕಪ್ಪಗೆ, ಪಕ್ಕದ್ದು ಬೆಳ್ಳಗೆ. ದೀಪ ಸರಿಸಿದರೆ ಗೆರೆ ಅಲ್ಲೇ ಇರುತ್ತದೆ, ಆದರೆ ಕಪ್ಪು ಬಿಳುಪು ಅದಲುಬದಲಾಗುತ್ತದೆ. ಈ ಕಸುಬಿನವರು ಇದನ್ನು ಸೀಮ್ ಎನ್ನುತ್ತಾರೆ.

ಆಟದಲ್ಲಿ ಓಡುವ ಟ್ರಂಕಿಗೆ ಕೆಲವೇ ತ್ರಿಕೋನಗಳಿರುತ್ತವೆ, ಹೆಚ್ಚಾದರೆ ಆಟ ನಿಧಾನವಾಗುತ್ತದೆ. ಹಾಗಾಗಿ ಕಲಾವಿದೆ ಎರಡು ಮಾದರಿ ಮಾಡುತ್ತಾಳೆ. ಒಂದರಲ್ಲಿ ಮೊಳೆ, ತಗ್ಗು, ದುಂಡಗಿನ ಅಂಚು ಎಲ್ಲ ಇರುತ್ತವೆ. ಇನ್ನೊಂದು ಬರೀ ಆರು ಮುಖದ ಪೆಟ್ಟಿಗೆ. ಮೊದಲನೆಯದರ ಮೇಲ್ಮೈ ಯಾವ ಬಿಂದುವಿನಲ್ಲಿ ಯಾವ ಕಡೆ ಮುಖ ಮಾಡಿದೆ ಎಂಬುದನ್ನು ಒಂದು ಚಿತ್ರದಲ್ಲಿ ಬರೆದು ಎರಡನೆಯದಕ್ಕೆ ಹೊದಿಸುತ್ತಾಳೆ. ಈ ಚಿತ್ರವೇ ನಾರ್ಮಲ್ ಮ್ಯಾಪ್, ಅದನ್ನು ತಯಾರಿಸುವ ಕೆಲಸಕ್ಕೆ ಬೇಕ್ ಮಾಡುವುದು ಎನ್ನುತ್ತಾರೆ. ಅದರಲ್ಲಿ ಕೆಂಪು, ಹಸಿರು, ನೀಲಿ ಬಣ್ಣಗಳು ಬಣ್ಣಗಳೇ ಅಲ್ಲ. ದಿಕ್ಕನ್ನು ಹೇಳುವ ಮೂರು ಸಂಖ್ಯೆಗಳು. ಏನೂ ಬಾಗಿಲ್ಲದ ಜಾಗದಲ್ಲಿ ಅವು 128, 128, 255. ನಾರ್ಮಲ್ ಮ್ಯಾಪ್‌ಗಳೆಲ್ಲ ತಿಳಿನೇರಳೆಯಾಗಿ ಕಾಣುವುದು ಇದರಿಂದಲೇ.

ದಿಕ್ಕು ಎಂದರೆ ಯಾವುದಕ್ಕೆ ಹೋಲಿಸಿದ ದಿಕ್ಕು? ತೊಡಕು ಇರುವುದು ಇಲ್ಲಿ. ದಾರಿ ಹೇಳುವವರು ಪೂರ್ವಕ್ಕೆ ಮುಖ ಮಾಡಿ 'ಎಡಕ್ಕೆ ಹೋಗಿ' ಎಂದದ್ದನ್ನು, ಕೇಳಿದವರು ಉತ್ತರಕ್ಕೆ ಮುಖ ಮಾಡಿ ಪಾಲಿಸಿದರೆ ಬೇರೆ ಊರೇ ಸಿಗುತ್ತದೆ. ನಾರ್ಮಲ್ ಮ್ಯಾಪ್‌ನ ಸಂಖ್ಯೆಗಳಿಗೂ ಹಾಗೆಯೇ ನಿಲ್ಲುವ ನೆಲೆಯೊಂದು ಬೇಕು. ಪ್ರತಿ ಮೂಲೆಬಿಂದುವಿನಲ್ಲೂ ಮೂರು ಬಾಣಗಳು ಸೇರಿ ಆ ನೆಲೆಯಾಗುತ್ತವೆ: ಮೇಲ್ಮೈಯಿಂದ ಹೊರಕ್ಕೆ ಚಾಚಿದ ನಾರ್ಮಲ್, ಚಿತ್ರದ ಅಡ್ಡಕ್ಕೆ ಸಾಗುವ ಟ್ಯಾಂಜೆಂಟ್, ಉದ್ದಕ್ಕೆ ಸಾಗುವ ಬೈಟ್ಯಾಂಜೆಂಟ್. ಈ ಮೂರನ್ನು ಟ್ಯಾಂಜೆಂಟ್ ಸ್ಪೇಸ್ ಎನ್ನುತ್ತಾರೆ. ಬೇಕ್ ಮಾಡುವ ತಂತ್ರಾಂಶ ಬಾಣಗಳನ್ನು ಒಂದು ರೀತಿ ಲೆಕ್ಕಹಾಕಿ, ಎಂಜಿನ್ ಇನ್ನೊಂದು ರೀತಿ ಲೆಕ್ಕಹಾಕಿದರೆ ಚಿತ್ರದಲ್ಲಿರುವುದು ಸರಿಯಿದ್ದರೂ ಓದು ತಪ್ಪುತ್ತದೆ.

ಎಷ್ಟು ತಪ್ಪುತ್ತದೆ ಎಂಬುದನ್ನು ಟ್ರಂಕಿನ ಒಂದು ಮೂಲೆಯಲ್ಲೇ ಲೆಕ್ಕ ಮಾಡಬಹುದು. ಪೆಟ್ಟಿಗೆಗೆ ಪೂರ್ತಿ ಸ್ಮೂತ್ ಶೇಡಿಂಗ್ ಕೊಟ್ಟಾಗ, ಮೂರು ಮುಖ ಕೂಡುವ ಮೂಲೆಯ ನಾರ್ಮಲ್ ಆ ಮೂರರ ಸರಾಸರಿಯಾಗಿ ಓರೆಗೆ ನಿಲ್ಲುತ್ತದೆ, ಪ್ರತಿ ಮುಖದಿಂದಲೂ ಸುಮಾರು 55 ಡಿಗ್ರಿ ವಾಲಿಕೊಂಡು. ಮುಖವೋ ಚಪ್ಪಟೆ. ಆ ವಾಲುವಿಕೆಯನ್ನು ಮರಳಿ ಎಳೆದು ಚಪ್ಪಟೆಯಾಗಿ ತೋರಿಸುವ ಹೊಣೆ ನಾರ್ಮಲ್ ಮ್ಯಾಪ್‌ನದಾಗುತ್ತದೆ. ಅದಕ್ಕಾಗಿ ಮೂಲೆಯ ಹತ್ತಿರ ನೀಲಿಯ ಬೆಲೆ 255ರಿಂದ 200ರ ಆಸುಪಾಸಿಗೆ ಇಳಿಯುತ್ತದೆ. ಚಪ್ಪಟೆ ಮುಖಗಳ ಮೇಲೆ ಬಣ್ಣ ನಿಧಾನವಾಗಿ ಬದಲಾಗುತ್ತಾ ಹೋಗುವುದು ಕಣ್ಣಿಗೇ ಕಾಣುತ್ತದೆ.

ಈಗ ಒಂದು ತಂತ್ರಾಂಶ ಟ್ಯಾಂಜೆಂಟನ್ನು ಮಾತ್ರ ಇಟ್ಟುಕೊಂಡು, ಬೈಟ್ಯಾಂಜೆಂಟನ್ನು ಅದಕ್ಕೂ ನಾರ್ಮಲ್‌ಗೂ ಲಂಬವಾಗಿ ಕಟ್ಟುತ್ತದೆ ಎನ್ನೋಣ. ಇನ್ನೊಂದು ಎರಡನ್ನೂ ಚಿತ್ರದ ಅಂಚುಗಳಿಂದ ಬೇರೆ ಬೇರೆಯಾಗಿ ಪಡೆಯುತ್ತದೆ. ಎರಡೂ ತರ್ಕಬದ್ಧವೇ. ಆದರೆ ನಮ್ಮ ಮೂಲೆಯಲ್ಲಿ ಎರಡನೆಯ ದಾರಿ ಹಿಡಿದರೆ ಬಾಣಗಳ ನಡುವಿನ ಕೋನ 90ರ ಬದಲು 120 ಡಿಗ್ರಿ ಬರುತ್ತದೆ. ಆ 30 ಡಿಗ್ರಿಯ ವ್ಯತ್ಯಾಸದಿಂದ ಕೊನೆಗೆ ಮೇಲ್ಮೈಯ ದಿಕ್ಕು 20 ಡಿಗ್ರಿಗಿಂತ ತುಸು ಹೆಚ್ಚೇ ತಪ್ಪುತ್ತದೆ. ಪಕ್ಕದ ಮುಖ ತನ್ನದೇ ಬೇರೆ ಕಡೆಗೆ ತಪ್ಪುವುದರಿಂದ ಎರಡರ ನಡುವೆ ಗೆರೆ ಮೂಡುತ್ತದೆ.

ಈ ಗೊಂದಲಕ್ಕೆ ಎಲ್ಲರೂ ಒಪ್ಪಬಹುದಾದ ಒಂದು ಪದ್ಧತಿ ಕೊಟ್ಟವರು ಮಾರ್ಟನ್ ಮಿಕ್ಕೆಲ್ಸನ್. 2008ರಲ್ಲಿ ಕೋಪನ್‌ಹೇಗನ್ ವಿಶ್ವವಿದ್ಯಾಲಯಕ್ಕೆ ಬರೆದ ಪ್ರಬಂಧದಲ್ಲಿ ಅವರು ಈ ಲೆಕ್ಕವನ್ನು ವಿವರಿಸಿದರು. ಅವರ ಹೆಸರಿನಿಂದಲೇ ಅದು ಮಿಕ್‌ಟಿಸ್ಪೇಸ್ ಎಂದು ಕರೆಸಿಕೊಂಡಿತು. ಯಾರು ಬೇಕಾದರೂ ಬಳಸಬಹುದಾದ ಅದರ ಕೋಡ್ ಇಂದು ಬ್ಲೆಂಡರ್‌ನಲ್ಲೂ ಅನ್‌ರಿಯಲ್, ಯೂನಿಟಿಗಳಲ್ಲೂ ಇದೆ. ಓದುವ ಕಡೆ ಅದು ಬಯಸುವುದು ಇಷ್ಟು:

```
vB = sign * cross(vN, vT);
vNout = normalize(vNt.x * vT + vNt.y * vB + vNt.z * vN);
```

ಇಲ್ಲಿ `sign` ಎಂಬುದು ಚಿತ್ರವನ್ನು ಕನ್ನಡಿಯಂತೆ ತಿರುಗಿಸಿ ಬಳಸಿದ ಭಾಗಗಳನ್ನು ಗುರುತಿಸುವ ಚಿಹ್ನೆ. ಲೆಕ್ಕವನ್ನು ಪ್ರತಿ ಪಿಕ್ಸೆಲ್‌ನಲ್ಲೂ ಮಾಡಬೇಕು. ನಾರ್ಮಲ್, ಟ್ಯಾಂಜೆಂಟ್‌ಗಳ ಉದ್ದವನ್ನು ನಡುವೆ ಸರಿಪಡಿಸದೆ ಕೊನೆಯಲ್ಲಿ ಒಮ್ಮೆ ಮಾತ್ರ ಸರಿಪಡಿಸಬೇಕು.

ದುರಸ್ತಿಗೆ ಕೈಹಾಕುವ ಮುನ್ನ ಗೆರೆಗೆ ಕಾರಣ ಇದೇ ಹೌದೇ ಎಂದು ನೋಡಿಕೊಳ್ಳಬೇಕು. ತಗ್ಗುಗಳೆಲ್ಲ ಉಬ್ಬಿದಂತೆ ಕಂಡರೆ ಅದು ಹಸಿರು ವಾಹಿನಿ ತಲೆಕೆಳಗಾದ ಲಕ್ಷಣ: ಬ್ಲೆಂಡರ್ ಹಸಿರನ್ನು ಮೇಲ್ಮುಖವಾಗಿ ಬರೆಯುತ್ತದೆ, ಅನ್‌ರಿಯಲ್ ಕೆಳಮುಖವಾಗಿ ಓದುತ್ತದೆ. ಬೇಕ್ ಮಾಡುವಾಗ ಹಸಿರನ್ನು `-Y` ಎಂದು ಆರಿಸಿದರೆ, ಇಲ್ಲವೇ ಅನ್‌ರಿಯಲ್‌ನಲ್ಲಿ `Flip Green Channel` ಒತ್ತಿದರೆ ಅದು ಮುಗಿಯಿತು. ಇಡೀ ಮೇಲ್ಮೈಯೇ ಒಂದು ಕಡೆಗೆ ವಾಲಿದಂತಿದ್ದರೆ ಚಿತ್ರವನ್ನು `sRGB` ಎಂದು ಓದಲಾಗುತ್ತಿದೆ, ಆ ಗುರುತು ತೆಗೆಯಬೇಕು. ದೂರದಿಂದ ನೋಡಿದಾಗ ಮಾತ್ರ ಗೆರೆ ಕಂಡರೆ ಚಿತ್ರದ ತುಂಡುಗಳ ಸುತ್ತ ಬಣ್ಣದ ಅಂಚು ಸಾಕಷ್ಟು ಅಗಲವಿಲ್ಲ. ಈ ಮೂರೂ ಅಲ್ಲದೆ, ಚಪ್ಪಟೆ ಮುಖಗಳ ಮೇಲೆ ನೆರಳು ಬಳಿದಂತಿದ್ದು ಅಂಚಿನಲ್ಲಿ ಒಡೆದರೆ ಟ್ಯಾಂಜೆಂಟ್ ಸ್ಪೇಸ್ ಮೇಲೆ ಅನುಮಾನ ಪಡಬೇಕು.

ಮೊದಲ ಕೆಲಸ ಬೇಕ್‌ಗೂ ಮುಂಚಿನದು. ನಾಲ್ಕು ಮೂಲೆಯ ಮುಖವನ್ನು ಎರಡು ತ್ರಿಕೋನವಾಗಿ ಎರಡು ರೀತಿ ಕತ್ತರಿಸಬಹುದು. ಬ್ಲೆಂಡರ್ ಒಂದು ಕರ್ಣ ಆರಿಸಿ ಎಂಜಿನ್ ಇನ್ನೊಂದನ್ನು ಆರಿಸಿದರೆ, ಬಾಗಿದ ಮುಖಗಳಲ್ಲಿ ಓರೆಗೆರೆ ಮೂಡುತ್ತದೆ. `Triangulate` ಮಾಡಿಫೈಯರ್ ಹಾಕಿ, ಅದೇ ತ್ರಿಕೋನಗಳ ಮೇಲೆ ಬೇಕ್ ಮಾಡಿ, ಅದೇ ಮಾದರಿಯನ್ನು ಕಳಿಸಿದರೆ ಈ ಆಯ್ಕೆ ಯಾರಿಗೂ ಉಳಿಯುವುದಿಲ್ಲ. ಎಫ್‌ಬಿಎಕ್ಸ್ ಆಗಿ ಕಳಿಸುವಾಗ `Tangent Space` ಗುರುತು ಹಾಕಬೇಕು. ಅನ್‌ರಿಯಲ್‌ನಲ್ಲಿ `Import Normals and Tangents` ಆರಿಸಿದರೆ ಬ್ಲೆಂಡರ್ ಲೆಕ್ಕಹಾಕಿದ ಬಾಣಗಳೇ ಬರುತ್ತವೆ. ಯೂನಿಟಿಯಲ್ಲಾದರೆ ನಾರ್ಮಲ್‌ಗಳಿಗೆ `Import`, ಟ್ಯಾಂಜೆಂಟ್‌ಗಳಿಗೆ `Calculate Mikktspace`.

ಎರಡನೆಯ ಕೆಲಸ ನಾರ್ಮಲ್ ಮ್ಯಾಪ್‌ನ ಹೊರೆ ಇಳಿಸುವುದು. ಟ್ರಂಕಿನ 90 ಡಿಗ್ರಿ ಅಂಚುಗಳನ್ನು ಹಾರ್ಡ್ ಎಡ್ಜ್ ಮಾಡಿ, ಅಲ್ಲೆಲ್ಲ ಚಿತ್ರದ ತುಂಡನ್ನೂ ಬೇರ್ಪಡಿಸಿದರೆ ಮೂಲೆಯ ನಾರ್ಮಲ್ ಆಯಾ ಮುಖಕ್ಕೆ ನೇರವಾಗಿ ನಿಲ್ಲುತ್ತದೆ. ಚಪ್ಪಟೆ ಭಾಗದಲ್ಲಿ ಚಿತ್ರ ಸರಿದೂಗಿಸಬೇಕಾದ ವಾಲುವಿಕೆ 55 ಡಿಗ್ರಿಯಿಂದ ಸೊನ್ನೆಗೆ ಬರುತ್ತದೆ. ಆಗ ಬಾಣಗಳಲ್ಲಿ ಅಷ್ಟಿಷ್ಟು ವ್ಯತ್ಯಾಸ ಉಳಿದರೂ ಅಲ್ಲಿ ತಪ್ಪು ಕಾಣಿಸಿಕೊಳ್ಳಲು ಜಾಗವೇ ಇರುವುದಿಲ್ಲ. ಹಾರ್ಡ್ ಎಡ್ಜ್ ಮಾಡಿ ಚಿತ್ರದ ತುಂಡನ್ನು ಬೇರ್ಪಡಿಸದೆ ಬಿಟ್ಟರೆ ಮಾತ್ರ ಅಂಚಿನ ಪಿಕ್ಸೆಲ್‌ಗಳು ಎರಡು ನೆಲೆಗೂ ಹಂಚಿಹೋಗಿ ಹೊಸ ಗೆರೆಯೊಂದು ಹುಟ್ಟುತ್ತದೆ.

ಎಲ್ಲ ಹೊಂದಿಕೆಯಾದ ಮೇಲೂ ಒಂದು ಮಿತಿ ಉಳಿಯುತ್ತದೆ. 8 ಬಿಟ್ ಚಿತ್ರದಲ್ಲಿ ಪ್ರತಿ ಬಣ್ಣಕ್ಕೆ 256 ಮೆಟ್ಟಿಲುಗಳಷ್ಟೇ ಇರುವುದರಿಂದ, ಕನ್ನಡಿಯಂತೆ ಹೊಳೆಯುವ ವಸ್ತುಗಳಲ್ಲಿ ಪಟ್ಟೆಗಳು ಕಾಣಬಹುದು. ಹೊರೆ ಕಡಿಮೆಯಿದ್ದಷ್ಟೂ ಅವೂ ಕಡಿಮೆ.

ಗೆರೆಯನ್ನು ಚಿತ್ರದ ಮೇಲೆ ಬಣ್ಣ ಬಳಿದು ಮುಚ್ಚಲು ಮಾತ್ರ ಹೋಗಬಾರದು. ಒಂದು ದೀಪದಡಿ ಮರೆಯಾದದ್ದು ಇನ್ನೊಂದರಡಿ ಮತ್ತೆ ಏಳುತ್ತದೆ. ಬೇಕ್ ಆದ ಮೇಲೆ ಮಾದರಿಯ ತ್ರಿಕೋನವನ್ನಾಗಲಿ, ಹಾರ್ಡ್ ಎಡ್ಜನ್ನಾಗಲಿ ಮುಟ್ಟಿದ್ದರೆ ಹಳೆಯ ಚಿತ್ರವನ್ನು ಬದಿಗಿಟ್ಟು ಮತ್ತೊಮ್ಮೆ ಬೇಕ್ ಮಾಡಬೇಕು.