ಐವತ್ತು ಮಿಲಿಮೀಟರ್ ಸಾಕು, ಸರ್

ಕೆಲಸಕ್ಕೆ ಸೇರಿ ಎರಡು ವರ್ಷವಾಗಿರುವ ಎಂಜಿನಿಯರ್ ತನ್ನ ಪ್ಲಾಂಟ್ ಮ್ಯಾನೇಜರಿಗೆ ‘ನಿಮ್ಮ ಲೆಕ್ಕ ಸರಿಯಿಲ್ಲ’ ಎಂದು ಬರೆಯುವುದು ಸುಲಭವಲ್ಲ. ಲೆಕ್ಕ ಮೇಲ್ನೋಟಕ್ಕೆ ಸರಿಯಾಗಿಯೇ ಕಾಣುತ್ತಿದ್ದರಂತೂ ಇನ್ನೂ ಕಷ್ಟ. ಒಂದು ಡೇರಿ ಎಂದುಕೊಳ್ಳಿ. ಬಾಯ್ಲರಿನಿಂದ ಹಾಲು ಕಾಯಿಸುವ ವಿಭಾಗಕ್ಕೆ 100 ಮೀಟರ್ ಉದ್ದದ ಸ್ಟೀಮ್ ಲೈನ್ ಇದೆ. ನಾಲ್ಕು ಇಂಚಿನ ಪೈಪು, ಒಳಗೆ 180 ಡಿಗ್ರಿ ಸೆಲ್ಸಿಯಸ್ ಉಗಿ, ಮೇಲೆ 50 ಮಿ.ಮೀ. ದಪ್ಪದ ರಾಕ್‌ವೂಲ್, ಅದರ ಮೇಲೆ ಅಲ್ಯೂಮಿನಿಯಂ ಶೀಟು. ಮ್ಯಾನೇಜರರ ಮಾತು ಇಷ್ಟೇ: ‘50 ಮಿ.ಮೀ. ಹಾಕಿದ್ದಕ್ಕೆ ಇಷ್ಟೊಂದು ಉಳಿತಾಯವಾಗಿದೆ, 100 ಹಾಕಿದರೆ ಇನ್ನೂ ಅಷ್ಟು ಉಳಿಯುತ್ತದಲ್ಲ? ಎಸ್ಟಿಮೇಟ್ ಕಳಿಸು.’

ಆ ಹುಡುಗಿ ಎಸ್ಟಿಮೇಟಿನ ಜೊತೆಗೆ ಒಂದು ಇಮೇಲನ್ನೂ ಬರೆಯಬೇಕಾಗುತ್ತದೆ. ಅದರಲ್ಲಿ ಏನಿರಬೇಕು ಎಂಬುದೇ ಈ ಲೇಖನದ ವಿಷಯ.

ಪದವಿ ಮುಗಿಸಿ ಬಂದ ಹೊಸಬರು ಇಲ್ಲಿ ಸಾಮಾನ್ಯವಾಗಿ ಸೂತ್ರದಿಂದ ಶುರುಮಾಡುತ್ತಾರೆ. ಲಾಗರಿದಮ್ ಇರುವ ಸಮೀಕರಣ ಮೊದಲ ಸಾಲಿನಲ್ಲಿಯೇ ಬಂದರೆ ಮ್ಯಾನೇಜರರು ಎರಡನೆಯ ಸಾಲು ಓದುವುದಿಲ್ಲ. ಜಾಣತನವೆಂದರೆ ಒಂದು ಮೀಟರ್ ಪೈಪನ್ನು ಕಣ್ಣೆದುರು ಇಡುವುದು. ಅವಳು ಹೀಗೆ ಬರೆಯಬಹುದು:

‘ಸರ್, ನಮಸ್ಕಾರ. ಲ್ಯಾಗಿಂಗ್ ಏನೂ ಇಲ್ಲದ ಪೈಪು ಮೀಟರಿಗೆ ಸುಮಾರು 950 ವಾಟ್ ಶಾಖವನ್ನು ಗಾಳಿಗೆ ಬಿಡುತ್ತದೆ. 25 ಮಿ.ಮೀ. ರಾಕ್‌ವೂಲ್ ಹಾಕಿದರೆ ಅದು 101ಕ್ಕೆ ಇಳಿಯುತ್ತದೆ. ನಮ್ಮಲ್ಲಿ ಈಗಿರುವ 50 ಮಿ.ಮೀ.ಗೆ 63. ಅದನ್ನು 75 ಮಾಡಿದರೆ 49, 100 ಮಾಡಿದರೆ 41.’

ಈ ಅಂಕಿಗಳನ್ನು ಇನ್ನೊಮ್ಮೆ ನಿಧಾನವಾಗಿ ನೋಡಿ. ಮೊದಲ ಒಂದು ಇಂಚು ಉಳಿಸಿದ್ದು 850 ವಾಟ್. ಎರಡನೆಯದು 38, ಮೂರನೆಯದು 14, ನಾಲ್ಕನೆಯದು ಬರೀ 8. ದಪ್ಪ ಪ್ರತಿಸಲವೂ ಅಷ್ಟೇ ಏರಿದರೂ ಗಳಿಕೆ ಹೀಗೆ ಕುಸಿಯಲು ಎರಡು ಕಾರಣಗಳಿವೆ.

ಮೊದಲನೆಯದು ಸರಳ. ಸೋರುತ್ತಿದ್ದುದರಲ್ಲಿ ಹತ್ತರಲ್ಲಿ ಒಂಬತ್ತು ಪಾಲನ್ನು ಮೊದಲ ಇಂಚೇ ತಡೆದುಬಿಟ್ಟಿದೆ. ಮುಂದಿನ ಪದರಗಳು ಉಳಿದ ಚೂರಿನಿಂದಲೇ ಉಳಿತಾಯ ಮಾಡಬೇಕು. ಎಷ್ಟೇ ದಪ್ಪ ಹಾಕಿದರೂ ಈಗ ಸೋರುತ್ತಿರುವ 63 ವಾಟಿಗಿಂತ ಹೆಚ್ಚು ಉಳಿಸುವುದು ಯಾರಿಗೂ ಸಾಧ್ಯವಿಲ್ಲ.

ಎರಡನೆಯದು ಪೈಪು ದುಂಡಗಿರುವುದರಿಂದ ಬರುವ ತೊಡಕು. ರುಮಾಲು ಸುತ್ತುವವರಿಗೆ ಗೊತ್ತು, ಒಳಸುತ್ತಿಗಿಂತ ಹೊರಸುತ್ತಿಗೆ ಬಟ್ಟೆ ಹೆಚ್ಚು ಬೇಕು. ನಮ್ಮ ಪೈಪಿನಲ್ಲಿ ನಾಲ್ಕನೆಯ ಇಂಚಿಗೆ ಹಿಡಿಯುವ ರಾಕ್‌ವೂಲ್ ಮೊದಲನೆಯ ಇಂಚಿನ ಎರಡರಷ್ಟು. ಅದರ ಮೇಲಿನ ಶೀಟೂ ಅಷ್ಟೇ ಅಗಲವಾಗಬೇಕು. ಇದಲ್ಲದೆ ಪದರ ಹೊರಗೆ ಹೋದಂತೆಲ್ಲ ಶಾಖಕ್ಕೆ ಹಾದುಹೋಗಲು ಸಿಗುವ ದಾರಿಯೂ ಅಗಲವಾಗುತ್ತದೆ. ಹಾಗಾಗಿ ಅದೇ ಒಂದು ಇಂಚು ಒಳಗಿದ್ದಾಗ ತಡೆದಷ್ಟನ್ನು ಹೊರಗಿದ್ದಾಗ ತಡೆಯುವುದಿಲ್ಲ. ಹೆಚ್ಚು ದುಡ್ಡು ಕೊಟ್ಟು ಕಡಿಮೆ ಕೆಲಸ ಪಡೆಯುವ ವ್ಯವಹಾರ ಇದು.

ಇನ್ನು ದುಡ್ಡಿನ ಮಾತು. ಇಲ್ಲಿ ದರಗಳು ಊರಿಂದ ಊರಿಗೆ, ಇಂಧನದಿಂದ ಇಂಧನಕ್ಕೆ ಬದಲಾಗುತ್ತವೆ. ಲೆಕ್ಕಕ್ಕಾಗಿ ಒಂದು ಯೂನಿಟ್ ಶಾಖಕ್ಕೆ ₹2.50, ವರ್ಷಕ್ಕೆ 8,000 ಗಂಟೆ ಓಟ ಎಂದು ಹಿಡಿಯೋಣ. ಮೊದಲ ಇಂಚು ಮೀಟರಿಗೆ ವರ್ಷಕ್ಕೆ ₹17,000 ಉಳಿಸುತ್ತದೆ. ಹಾಕಲು ₹1,200 ತಗುಲಿದರೂ ಒಂದು ತಿಂಗಳೊಳಗೆ ಹಣ ವಾಪಸ್. ಎರಡನೆಯ ಇಂಚಿನ ಉಳಿತಾಯ ₹760, ಖರ್ಚು ₹550 ಎಂದುಕೊಂಡರೆ ಒಂಬತ್ತು ತಿಂಗಳು. ಮೂರನೆಯದಕ್ಕೆ ₹700 ಹಾಕಿ ವರ್ಷಕ್ಕೆ ₹280 ಪಡೆಯುತ್ತೇವೆ, ಅಂದರೆ ಎರಡೂವರೆ ವರ್ಷ ಕಾಯಬೇಕು. ನಾಲ್ಕನೆಯದಕ್ಕೆ ₹900 ಹಾಕಿದರೆ ಬರುವುದು ₹160. ಅದು ತೀರಲು ಐದೂವರೆ ವರ್ಷ ದಾಟುತ್ತದೆ.

ಗುತ್ತಿಗೆದಾರರ ಪ್ರಸ್ತಾವನೆಯಲ್ಲಿ ಈ ಕೊನೆಯ ಸಾಲು ಸಾಮಾನ್ಯವಾಗಿ ಇರುವುದಿಲ್ಲ. ಬರಿಯ ಪೈಪಿಗೂ 100 ಮಿ.ಮೀ. ಹೊದಿಕೆಗೂ ಇರುವ ವ್ಯತ್ಯಾಸವನ್ನಷ್ಟೇ ತೋರಿಸಿ, ‘ಶೇ 95ಕ್ಕೂ ಹೆಚ್ಚು ಉಳಿತಾಯ’ ಎಂದು ದಪ್ಪಕ್ಷರದಲ್ಲಿ ಬರೆದಿರುತ್ತಾರೆ. ಅದು ಸುಳ್ಳಲ್ಲ. ಆದರೆ ಅದರಲ್ಲಿ ಬಹುಪಾಲು ಉಳಿತಾಯ ಈಗಾಗಲೇ ನಮ್ಮ ಕೈಯಲ್ಲಿದೆ. ಕೇಳಬೇಕಾದ ಪ್ರಶ್ನೆ, ಮುಂದಿನ ಒಂದು ಇಂಚು ಏನು ಕೊಡುತ್ತದೆ ಎಂಬುದು ಮಾತ್ರ.

ಇಷ್ಟು ಹೇಳಿ ನಿಲ್ಲಿಸಿದರೆ ಇಮೇಲ್ ಬರೀ ‘ಬೇಡ’ ಎಂದಂತಾಗುತ್ತದೆ. ಮ್ಯಾನೇಜರರ ಮುಂದೆ ಬಜೆಟ್ ಇದೆ, ಅದನ್ನು ಎಲ್ಲಿ ಹಾಕಬೇಕು ಎಂಬ ಉತ್ತರವೂ ಬೇಕು. ಅದು ಲೈನ್ ಉದ್ದಕ್ಕೂ ನಡೆದರೆ ಸಿಗುತ್ತದೆ. ಪೈಪಿಗೆ ಮಿರುಗುವ ಶೀಟು ಹೊದಿಸಿರುತ್ತಾರೆ, ವಾಲ್ವ್ ಮತ್ತು ಫ್ಲಾಂಜ್‌ಗಳು ಮಾತ್ರ ಬೆತ್ತಲೆ. ರಿಪೇರಿಗೆ ಬಿಚ್ಚಿದ ಹೊದಿಕೆಯನ್ನು ಮತ್ತೆ ಹಾಕಲು ಯಾರಿಗೂ ಪುರುಸೊತ್ತಿಲ್ಲ. ಹೊದಿಕೆಯಿಲ್ಲದ ಒಂದು ವಾಲ್ವ್ ಸುಮಾರು ಒಂದು ಮೀಟರ್ ಬರಿಯ ಪೈಪಿನಷ್ಟೇ ಶಾಖ ಕಳೆಯುತ್ತದೆ. ಇಲ್ಲಿ ಅವಳ ಇಮೇಲಿನ ನಿಜವಾದ ಸಾಲು ಬರುತ್ತದೆ:

‘ಸರ್, 75ರಿಂದ 100 ಮಿ.ಮೀ.ಗೆ ಹೋದರೆ ಇಡೀ 100 ಮೀಟರ್ ಲೈನಿನಲ್ಲಿ ಉಳಿಯುವುದು 800 ವಾಟ್. ಒಂದೇ ಒಂದು ವಾಲ್ವಿಗೆ ಹೊದಿಕೆ ಹಾಕಿದರೆ 850 ವಾಟ್ ಉಳಿಯುತ್ತದೆ. ನಮ್ಮ ಲೈನಿನಲ್ಲಿ ಅಂಥ 12 ವಾಲ್ವ್‌ಗಳಿವೆ.’

ಬಿಚ್ಚಿ ಹಾಕಬಹುದಾದ ಜಾಕೆಟ್ ಒಂದಕ್ಕೆ ₹5,000 ಎಂದರೂ ಹನ್ನೆರಡಕ್ಕೆ ₹60,000. ವರ್ಷದ ಉಳಿತಾಯ ₹2 ಲಕ್ಷದ ಆಸುಪಾಸು. ಇಡೀ ಲೈನನ್ನು 50ರಿಂದ 100 ಮಾಡಲು ₹1.6 ಲಕ್ಷ ಬೇಕು, ಅದು ವರ್ಷಕ್ಕೆ ಕೊಡುವುದು ₹44,000.

ಇನ್ನೊಂದು ಶತ್ರು ನೀರು. ರಾಕ್‌ವೂಲ್ ಶಾಖ ತಡೆಯುವುದು ಎಳೆಗಳ ನಡುವೆ ಅಲುಗಾಡದೆ ನಿಂತ ಗಾಳಿಯಿಂದ. ಶೀಟಿನ ಜೋಡಣೆ ಬಾಯಿಬಿಟ್ಟು ಮಳೆನೀರು ಇಳಿದರೆ ಆ ಗಾಳಿಯ ಜಾಗದಲ್ಲಿ ನೀರು ಕೂರುತ್ತದೆ. ನೀರು ಶಾಖವನ್ನು ನಿಂತ ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಮಿಕ್ಕಿ ಸಾಗಿಸುತ್ತದೆ. ಲೈನು ನಿಂತು ತಣ್ಣಗಾದಾಗ ಆ ತೇವ ಒಳಗಿನ ಪೈಪನ್ನೂ ತುಕ್ಕು ಹಿಡಿಸುತ್ತದೆ, ಹೊರಗೆ ಶೀಟು ಮಾತ್ರ ಹೊಳೆಯುತ್ತಲೇ ಇರುತ್ತದೆ. ಒದ್ದೆಯಾದ 100 ಮಿ.ಮೀ. ಹೊದಿಕೆಗಿಂತ ಒಣಗಿದ 50 ಮಿ.ಮೀ. ಮೇಲು.

ಒದ್ದೆ ಜಾಗವನ್ನು ಹುಡುಕಲು ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದು ಹೊರಟವರು ಒಂದು ಕಡೆ ಮೋಸಹೋಗುತ್ತಾರೆ. ಹೊಳೆಯುವ ಅಲ್ಯೂಮಿನಿಯಂ ತನ್ನ ಬಿಸಿಯನ್ನು ಸರಿಯಾಗಿ ತೋರಿಸುವುದಿಲ್ಲ, ಸುತ್ತಲಿನದನ್ನೇ ಪ್ರತಿಫಲಿಸುತ್ತದೆ. ಅರವತ್ತು ಡಿಗ್ರಿ ಇರುವಲ್ಲಿ ಮೂವತ್ತೈದೋ ನಲವತ್ತೋ ಎಂದು ಓದುತ್ತದೆ. ಶೀಟಿಗೆ ಒಂದು ತುಂಡು ಕಪ್ಪು ಇನ್ಸುಲೇಶನ್ ಟೇಪ್ ಅಂಟಿಸಿ, ಎರಡು ನಿಮಿಷ ಬಿಟ್ಟು, ಟೇಪಿನ ಮೇಲೆ ಅಳೆಯಬೇಕು. ನಮ್ಮ ಲೆಕ್ಕದ ಪ್ರಕಾರ 50 ಮಿ.ಮೀ. ಸುಸ್ಥಿತಿಯಲ್ಲಿದ್ದರೆ, ನೆರಳಿನಲ್ಲಿ 30 ಡಿಗ್ರಿ ಇರುವಾಗ ಮೇಲ್ಮೈ 40ರಿಂದ 45ರೊಳಗೆ ಇರಬೇಕು. ಒಂದೆಡೆ 60 ಬಂದರೆ ಅಲ್ಲಿ ಬಿಚ್ಚಿ ನೋಡುವುದೇ ಸರಿ.

ಹಾಗೆಂದು 50 ಮಿ.ಮೀ. ಎಲ್ಲ ಕಡೆಗೂ ಸಲ್ಲುವ ಅಳತೆಯಲ್ಲ. ಉಗಿ 350 ಡಿಗ್ರಿ ಇರುವಲ್ಲಿ, ದುಬಾರಿ ಎಣ್ಣೆ ಉರಿಸುವ ಬಾಯ್ಲರಿನಲ್ಲಿ, ಇನ್ನೂ ದೊಡ್ಡ ಪೈಪುಗಳಲ್ಲಿ ಮೂರನೆಯ, ನಾಲ್ಕನೆಯ ಇಂಚೂ ಬೇಗ ಹಣ ತೀರಿಸಬಹುದು. ಲೈನು ಹೊಸದಾಗಿ ಹಾಕುತ್ತಿದ್ದರೆ ಕೂಲಿ, ಶೀಟಿನ ಖರ್ಚು ಹೇಗೂ ಇರುವುದರಿಂದ 75 ಮಿ.ಮೀ. ಯೋಚಿಸಲು ಅಡ್ಡಿಯಿಲ್ಲ. ಆದರೆ ಈ ಡೇರಿಯ ಈ ಲೈನಿಗೆ ತೀರ್ಮಾನ ಸ್ಪಷ್ಟ: ಈಗಿರುವ ಹೊದಿಕೆ ಹಾಗೇ ಇರಲಿ, ಮೊದಲು ಹನ್ನೆರಡು ವಾಲ್ವ್‌ಗಳಿಗೆ ಜಾಕೆಟ್ ತರಿಸಿ, ಮಳೆಗಾಲಕ್ಕೆ ಮುಂಚೆ ಶೀಟಿನ ಜೋಡಣೆಗಳನ್ನು ಮುಚ್ಚಿಸಿ.